ಅಮೆರಿಕದ ರೆಕಾರ್ಡ್ ಪ್ಲೇಯರ್: ದುಡ್ಡು ಕೊಡುವ ಮುಂಚೆ ನೂರು ಸುತ್ತು ಎಣಿಸು

ಮೇಘಾ ಕೇಳಿದ್ದು: “ಮಾವ, ಶಿವಮೊಗ್ಗದ ವಿನೋಬನಗರದಲ್ಲಿ ಪರಿಚಯದವರ ಮನೆಯಲ್ಲಿ ಹಳೆಯ ರೆಕಾರ್ಡ್ ಪ್ಲೇಯರ್ ಇದೆ, ಕೊಡುತ್ತಾರಂತೆ. ಅವರ ಮಗ ಅಮೆರಿಕದಿಂದ ತಂದದ್ದು. ಎಂಟು ಸಾವಿರ ಹೇಳುತ್ತಿದ್ದಾರೆ. ಫೋಟೊ ಹಾಕಿದ್ದೇನೆ. ಅಜ್ಜನ ಪ್ಲೇಟುಗಳನ್ನು ಅದರಲ್ಲಿ ಕೇಳಬಹುದೇ? ಅದು ಹೇಗೆ ಕೆಲಸ ಮಾಡುತ್ತದೆ, ನೋಡಲು ಹೋದಾಗ ಏನೇನು ಗಮನಿಸಬೇಕು?”

ಮೇಘಾ, ಇದನ್ನು ಟೈಪ್ ಮಾಡುತ್ತ ಕುಳಿತರೆ ಬೆಳಗಾಗುತ್ತದೆ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಉದ್ದವಾಗುತ್ತದೆ, ಮನೆಯವರ ಈ ಗುಂಪಿನಲ್ಲಿ ಆಸಕ್ತಿ ಇಲ್ಲದವರು ಓಡಿಸಿಕೊಂಡು ಮುಂದೆ ಹೋಗಬಹುದು. ಹಿಂದೆ ಗರಗರ ಕೇಳಿಸುತ್ತಿರುವುದು ಅಡಿಕೆ ಸುಲಿಯುವ ಯಂತ್ರ, ನಿನ್ನ ಮೊಬೈಲ್ ಕೆಟ್ಟಿಲ್ಲ.

ನೀನು ಹಾಕಿದ ಮೂರನೆಯ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಯಂತ್ರದ ಬೆನ್ನಿನ ಪಟ್ಟಿಯಲ್ಲಿ 120 ವೋಲ್ಟ್, 60 ಹರ್ಟ್ಜ್ ಎಂದಿದೆ. ನಿನ್ನ ಎಂಟು ಸಾವಿರದ ಹಣೆಬರಹ ಇರುವುದು ಆ ಎರಡನೆಯ ಸಂಖ್ಯೆಯಲ್ಲಿ. ವೋಲ್ಟಿನ ವಿಷಯ ಸುಲಭ. ನಮ್ಮ 230 ವೋಲ್ಟನ್ನು ಇಳಿಸುವ ಟ್ರಾನ್ಸ್‌ಫಾರ್ಮರ್ ಅಂಗಡಿಯಲ್ಲಿ ಸಿಗುತ್ತದೆ, ಮನೆಯವರು ಅದನ್ನೂ ಜೊತೆಗೇ ಕೊಡಬಹುದು. ಆದರೆ ಟ್ರಾನ್ಸ್‌ಫಾರ್ಮರ್ ಬದಲಿಸುವುದು ವೋಲ್ಟನ್ನು ಮಾತ್ರ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಆವರ್ತಿಸುತ್ತದೆ, ಅಮೆರಿಕದ್ದು 60 ಸಲ. ಅದು ಟ್ರಾನ್ಸ್‌ಫಾರ್ಮರ್ ದಾಟಿದರೂ ಐವತ್ತೇ.

ಅದರಿಂದ ಏನಾಗುತ್ತದೆ ಎನ್ನುವುದಕ್ಕೆ ಒಳಗಿನ ಕೆಲಸ ಗೊತ್ತಿರಬೇಕು. ಎಲ್‌ಪಿ ಎನ್ನುವ ದೊಡ್ಡ ಪ್ಲೇಟು ನಿಮಿಷಕ್ಕೆ 33⅓ ಸುತ್ತು ತಿರುಗಬೇಕು. ಇಂತಹ ಯಂತ್ರದಲ್ಲಿ ಒಂದು ಮೂಲೆಯಲ್ಲಿ ಪುಟ್ಟ ಮೋಟಾರು, ಅದರ ಕಡ್ಡಿಯ ತುದಿಗೆ ಸಣ್ಣ ಪುಲ್ಲಿ, ಪುಲ್ಲಿಯಿಂದ ತಿರುಗುವ ತಟ್ಟೆಗೆ ಒಂದು ರಬ್ಬರ್ ಬೆಲ್ಟು ಇರುತ್ತವೆ. ಹಳೆಯ ಬೆಲ್ಟಿನ ಯಂತ್ರಗಳಲ್ಲಿ ಹೆಚ್ಚಿನವುಗಳ ಮೋಟಾರು ನೇರವಾಗಿ ಕರೆಂಟಿನ ಆವರ್ತನಕ್ಕೆ ಕಟ್ಟುಬಿದ್ದು ತಿರುಗುತ್ತದೆ. ಅದರಲ್ಲಿ ಲಾಭವೂ ಇದೆ. ಮಳೆಗಾಲದ ಸಂಜೆ ನಮ್ಮ ಊರಿನ ಬಲ್ಬು ಮಿಣುಕು ಮಿಣುಕು ಎಂದರೂ ಹಾಡಿನ ವೇಗ ಅಲುಗುವುದಿಲ್ಲ. ಆದರೆ ಅರವತ್ತಕ್ಕೆಂದು ಲೆಕ್ಕಹಾಕಿ ಕೂರಿಸಿದ ಪುಲ್ಲಿ ಐವತ್ತರಲ್ಲಿ ತಿರುಗಿದರೆ ವೇಗ ಆರರಲ್ಲಿ ಐದು ಪಾಲಿಗೆ ಇಳಿಯುತ್ತದೆ. 33⅓ ಇರಬೇಕಾದದ್ದು 27.8 ಆಗುತ್ತದೆ. ಶ್ರುತಿ ಮೂರು ಸ್ವರಸ್ಥಾನ ಕೆಳಗೆ ಕುಸಿಯುತ್ತದೆ, ಅಂದರೆ ಹಾಡುವವರ ಷಡ್ಜ ಕೆಳಗಿನ ಚತುಃಶ್ರುತಿ ಧೈವತದಲ್ಲಿ ಬಂದು ಕೂರುತ್ತದೆ. ಗಂಗೂಬಾಯಿ ಹಾನಗಲ್ ಅವರ ಗಟ್ಟಿ ಕಂಠವನ್ನು ಇನ್ನೂ ಮೂರು ಮೆಟ್ಟಿಲು ಇಳಿಸಿದರೆ ಹೇಗಿರುತ್ತದೆ, ನೀನೇ ಯೋಚಿಸು. ಯಂತ್ರದ ಇನ್ನೊಂದು ವೇಗವಾದ 45ಕ್ಕೆ ಬದಲಿಸಿದರೆ ಸರಿಹೋಗಬಹುದೇ ಎಂದರೆ, ಅದೂ ಇಲ್ಲ. ಆಗ 37.5 ಸುತ್ತು ಬರುತ್ತದೆ, ಎರಡು ಸ್ವರಸ್ಥಾನ ಮೇಲೆ ಹೋಗುತ್ತದೆ. ವೇಗ ತಿದ್ದುವ ತಿರುಪು ಇರುವ ಯಂತ್ರಗಳಲ್ಲಿಯೂ ಅದು ಸಾಮಾನ್ಯವಾಗಿ ನೂರಕ್ಕೆ ಕೆಲವು ಪಾಲಷ್ಟನ್ನೇ ತಿದ್ದುತ್ತದೆ, ನಮಗೆ ಬೇಕಾದದ್ದು ಇಪ್ಪತ್ತು ಪಾಲು.

ಪಟ್ಟಿಯಲ್ಲಿ 50/60 ಎಂದು ಎರಡೂ ಬರೆದಿದ್ದರೆ, ಅಥವಾ ಒಳಗೆ ಆವರ್ತನಕ್ಕೆ ಕಟ್ಟುಬೀಳದ ಡಿ.ಸಿ. ಮೋಟಾರು ಇದ್ದರೆ ಈ ತಕರಾರೇ ಇಲ್ಲ. ನಿನ್ನ ಫೋಟೊದಲ್ಲಿ ಬರೀ 60 ಕಾಣುತ್ತಿದೆ, ಆದರೂ ಮೋಟಾರು ಯಾವ ಜಾತಿಯದೆಂದು ಫೋಟೊ ನೋಡಿ ಹೇಳಲಾಗುವುದಿಲ್ಲ. ಆದ್ದರಿಂದ ಎಣಿಸಿಯೇ ತೀರ್ಮಾನಿಸಬೇಕು. ತಟ್ಟೆಯ ಮೇಲೆ ಅವರದೇ ಒಂದು ಎಲ್‌ಪಿ ಹಾಕಿಸು, ಮಧ್ಯದ ಲೇಬಲ್ಲಿನ ಅಂಚಿಗೆ ಚೂರು ಬಿಳಿ ಕಾಗದ ಇಡು, ಸೂಜಿಯನ್ನೂ ಇಳಿಸಿರಬೇಕು. ಮೊಬೈಲಿನಲ್ಲಿ ಮೂರು ನಿಮಿಷ ಇಟ್ಟುಕೊಂಡು ಕಾಗದ ಎಷ್ಟು ಸಲ ನಿನ್ನ ಮುಂದೆ ಹಾದುಹೋಯಿತು ಎಂದು ಎಣಿಸು. ಸರಿಯಾಗಿ 100 ಬರಬೇಕು. ಒಂದು ಹೆಚ್ಚುಕಡಿಮೆಯಾದರೆ ಚಿಂತೆಯಿಲ್ಲ. 97 ಅಥವಾ 103 ಬಂದರೆ ಅರ್ಧ ಸ್ವರಸ್ಥಾನ ತಪ್ಪಿದೆ ಎಂದರ್ಥ, ಬೆಲ್ಟು ಹಳತಾಗಿರಬಹುದು, ಎಣ್ಣೆ ಗಟ್ಟಿಯಾಗಿರಬಹುದು. 83ರ ಆಸುಪಾಸು ಬಂದರೆ ನಾನು ಹೇಳಿದ ಅರವತ್ತರ ಕಥೆಯೇ. ಮನೆಯವರು “ಚೆನ್ನಾಗಿಯೇ ತಿರುಗುತ್ತದಲ್ಲ” ಎನ್ನುತ್ತಾರೆ. ತಿರುಗುತ್ತದೆ, ಸುಳ್ಳಲ್ಲ.

83 ಬಂದರೆ ಬಿಟ್ಟು ಬರಬೇಕು ಎಂದೇನೂ ಇಲ್ಲ. ಕೆಲವು ಮಾದರಿಗಳಿಗೆ 50 ಹರ್ಟ್ಜಿನ ಪುಲ್ಲಿ ಪ್ರತ್ಯೇಕವಾಗಿ ಸಿಗುತ್ತದೆ. ಹಳೆಯದು ಐದು ಪಾಲು ದಪ್ಪವಿದ್ದರೆ ಅದು ಆರು ಪಾಲು, ಹತ್ತು ಮಿಲಿಮೀಟರ್ ಇದ್ದದ್ದು ಸುಮಾರು ಹನ್ನೆರಡು. ಲೇತ್ ಅಂಗಡಿಯಲ್ಲಿ ಕಡೆಸುತ್ತೇನೆ ಎಂದು ನಿನ್ನ ಅಪ್ಪ ಹೊರಡಬಹುದು. ಮಾಡಬಹುದು, ಆದರೆ ಪುಲ್ಲಿಯ ನಡುರಂಧ್ರ ಕೂದಲೆಳೆಯಷ್ಟು ಪಕ್ಕಕ್ಕೆ ಹೋದರೂ ಹಾಡು ನಡುಗುತ್ತದೆ. ಪುಲ್ಲಿ ಸಿಗುತ್ತದೆ ಎಂದು ಖಾತ್ರಿಯಾಗುವ ತನಕ ನಾನಾದರೆ ದುಡ್ಡು ಕೊಡುವುದಿಲ್ಲ.

ನಡುಕದ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಶಾಸ್ತ್ರೀಯ ಸಂಗೀತದ ಎಲ್‌ಪಿ ಇದ್ದರೆ ತಂಬೂರಿಯನ್ನು ಮಾತ್ರ ಕೇಳು. ಅದು ಅಲೆಯಾಗಿ ಏರಿಳಿಯುತ್ತಿದ್ದರೆ ಎಲ್‌ಪಿಯ ಒಂದು ಸುತ್ತಿನ ಜೊತೆ ಹೋಲಿಸು, ಒಂದು ಸುತ್ತಿಗೆ 1.8 ಸೆಕೆಂಡು. ಪ್ರತಿ ಸುತ್ತಿಗೂ ಸರಿಯಾಗಿ ಒಂದು ಅಲೆ ಬಂದು, ಸೂಜಿಯ ಕೈಯೂ ಎಡಕ್ಕೆ ಬಲಕ್ಕೆ ತೂಗುತ್ತಿದ್ದರೆ ತಪ್ಪು ಎಲ್‌ಪಿಯದು, ಅದರ ರಂಧ್ರ ನಡುವಿಗಿಲ್ಲ. ಕೈ ನೆಟ್ಟಗಿದ್ದೂ ತಂಬೂರಿ ಮನಸ್ಸಿಗೆ ಬಂದಂತೆ ಅಲೆದರೆ ಬೆಲ್ಟನ್ನೋ ಬೇರಿಂಗನ್ನೋ ಅನುಮಾನಿಸಬೇಕು. ನಮ್ಮ ಮಲೆನಾಡಿನ ಥಂಡಿಯಲ್ಲಿ ವರ್ಷಗಟ್ಟಲೆ ಮುಚ್ಚಿಟ್ಟ ಬೆಲ್ಟು ಡಾಂಬರಿನ ಹಾಗೆ ಅಂಟಂಟಾಗಿರುವುದೂ ಉಂಟು. ಅದು ದೊಡ್ಡ ಖರ್ಚಲ್ಲ, ಬೆಲೆ ಇಳಿಸಲು ಒಳ್ಳೆಯ ನೆಪ.

ಈಗ ಸೂಜಿ. ಎಲ್‌ಪಿಯಲ್ಲಿ ಹಾಡು ಕೆತ್ತಿರುವ ಗೀರು ‘ವಿ’ ಆಕಾರದ್ದು, ಎರಡು ಗೋಡೆಗಳಿವೆ. ಎಲ್‌ಪಿಯ ಮಧ್ಯದ ಕಡೆಗಿರುವ ಗೋಡೆಯಲ್ಲಿ ಎಡ ಸ್ಪೀಕರಿನ ಧ್ವನಿ, ಹೊರಗಿನ ಗೋಡೆಯಲ್ಲಿ ಬಲದ್ದು. ವಜ್ರದ ಪುಟ್ಟ ತುದಿ ಎರಡು ಗೋಡೆಗಳಿಗೂ ತಾಗಿಕೊಂಡು ಅಲುಗುತ್ತ ಹೋಗುತ್ತದೆ. ತುದಿ ಅಂಟಿಸಿರುವ ತೆಳು ಕಡ್ಡಿಯ ಇನ್ನೊಂದು ಕೊನೆಯಲ್ಲಿ ಸಣ್ಣ ಅಯಸ್ಕಾಂತ, ಅದರ ಪಕ್ಕದಲ್ಲಿ ಎರಡು ತಂತಿ ಸುರುಳಿಗಳು. ಅಯಸ್ಕಾಂತ ಅಲುಗಿದಂತೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಅಷ್ಟೇ, ಬೇರೆ ಮಾಯೆ ಇಲ್ಲ. ವಜ್ರವಾದರೂ ಸವೆಯುತ್ತದೆ, ಸಾಮಾನ್ಯವಾಗಿ ಐನೂರರಿಂದ ಸಾವಿರ ಗಂಟೆಯ ಆಯುಸ್ಸು ಹೇಳುತ್ತಾರೆ. ಸವೆದ ಮೇಲೆ ತುದಿಯಲ್ಲಿ ಚಪ್ಪಟೆ ಅಂಚು ಮೂಡಿ, ಅದು ಗೋಡೆಯನ್ನು ಕೆರೆಯುತ್ತದೆ. ಒಮ್ಮೆ ಕೆರೆದ ಎಲ್‌ಪಿ ಮತ್ತೆ ಸರಿಯಾಗುವುದಿಲ್ಲ. ಅದಕ್ಕೇ ಅಜ್ಜನ ಎಲ್‌ಪಿಯನ್ನು ಪರೀಕ್ಷೆಗೆಂದು ಒಯ್ಯಬೇಡ.

ಯಂತ್ರದ ಮುಂದೆ ಬಗ್ಗಿ ನೋಡಿದರೆ ಆ ಕಡ್ಡಿ ನೇರವಾಗಿ ಕಾಣಬೇಕು. ಒಂದು ಬದಿಗೆ ವಾಲಿದ್ದರೆ, ಅಥವಾ ಸೂಜಿ ಇಳಿಸಿದಾಗ ಅದು ಕೂತಿರುವ ಪುಟ್ಟ ಡಬ್ಬಿಯ ಹೊಟ್ಟೆ ಎಲ್‌ಪಿಗೆ ತಾಗುವಂತಿದ್ದರೆ ಕಡ್ಡಿಯನ್ನು ಹಿಡಿದಿರುವ ರಬ್ಬರ್ ಸತ್ತಿದೆ. ಕಣ್ಣಿಗೆ ಕಾಣದ ಸವೆತವನ್ನು ಕಿವಿ ಹಿಡಿಯುತ್ತದೆ. ಅದಕ್ಕೆ ಮೊದಲ ಹಾಡು ಬೇಡ, ಲೇಬಲ್ಲಿಗೆ ಹತ್ತಿರವಿರುವ ಕೊನೆಯ ಹಾಡು ಹಾಕಿಸು. ಹೊರ ಅಂಚಿನಲ್ಲಿ ಗೀರು ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಓಡಿದರೆ ಒಳಗೆ ಬರೀ 20ರಷ್ಟು. ಅಷ್ಟೇ ಧ್ವನಿಯನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಿರುವುದರಿಂದ ಸವೆದ ಸೂಜಿ ಅಲ್ಲಿ ಎಡವುತ್ತದೆ. ಹಾಡಿನಲ್ಲಿ ‘ಸ’, ‘ಶ’ ಬಂದಾಗಲೆಲ್ಲ ಉಗುಳಿದ ಹಾಗೆ ಚರ್ ಎಂದರೆ ಹೊಸ ಸೂಜಿಯ ಖರ್ಚು ಲೆಕ್ಕಕ್ಕೆ ಸೇರಿಸು. ಆ ಡಬ್ಬಿಯ ಮೇಲಿನ ಹೆಸರು, ನಂಬರು ಬರೆದುಕೊಂಡು ಬಾ. ಸೂಜಿ ಸಿಗುತ್ತದೋ ಇಲ್ಲವೋ ನಾನು ಹುಡುಕುತ್ತೇನೆ.

ಇನ್ನೊಂದು, ಮನೆಗೆ ತಂದು ಟಿ.ವಿ. ಸ್ಪೀಕರಿಗೆ ಸಿಕ್ಕಿಸಿ “ಮಾವ, ಧ್ವನಿಯೇ ಇಲ್ಲ” ಎಂದು ಫೋನ್ ಮಾಡಬೇಡ. ಇಂತಹ ಸೂಜಿಯಿಂದ ಬರುವುದು ಮೂರು ನಾಲ್ಕು ಮಿಲಿವೋಲ್ಟು ಮಾತ್ರ. ಸಾಲದ್ದಕ್ಕೆ ಎಲ್‌ಪಿ ಕೆತ್ತುವಾಗ ಮಂದ್ರವನ್ನು ಬೇಕೆಂದೇ ಕುಗ್ಗಿಸಿ, ತಾರವನ್ನು ಹಿಗ್ಗಿಸಿರುತ್ತಾರೆ. ಇಲ್ಲದಿದ್ದರೆ ಮೃದಂಗದ ಒಂದು ಪೆಟ್ಟಿಗೆ ಗೀರು ಪಕ್ಕದ ಗೀರಿಗೆ ಹಾರಿಬಿಡುತ್ತದೆ. ಅದನ್ನು ತಿರುಗಿಸಿ ಸಮ ಮಾಡಲು ಫೋನೋ ಪ್ರೀಆಂಪ್ ಎಂಬ ಸಣ್ಣ ಪೆಟ್ಟಿಗೆ ಬೇಕು. ಕೆಲವು ಯಂತ್ರ, ಆಂಪ್ಲಿಫೈಯರ್‌ಗಳಲ್ಲಿ ಅದು ಒಳಗೇ ಇರುತ್ತದೆ, ಕೇಳಿಕೋ. ಒಂದೇ ಬದಿಯಲ್ಲಿ ಧ್ವನಿ ಬಂದರೆ ಕೆಂಪು, ಬಿಳಿ ಪಿನ್ನುಗಳನ್ನು ಅದಲುಬದಲು ಮಾಡಿ ನೋಡು. ಮೌನವೂ ಇನ್ನೊಂದು ಸ್ಪೀಕರಿಗೆ ಹೋದರೆ ದೋಷ ಪ್ಲೇಯರಿನಲ್ಲಿದೆ, ಹೋಗದಿದ್ದರೆ ಆಂಪ್ಲಿಫೈಯರಿನಲ್ಲಿ ಅಥವಾ ಸ್ಪೀಕರಿನಲ್ಲಿ. ನಮ್ಮ ಕಡೆ ಅದು ಎಷ್ಟೋ ಸಲ ಪಿನ್ನಿಗೆ ಹಿಡಿದ ಕಿಲುಬಷ್ಟೇ.

ಅಜ್ಜನ ಪ್ಲೇಟುಗಳ ಬಗ್ಗೆ ಬೇಸರದ ಸುದ್ದಿ. ಅಟ್ಟದ ಮೇಲೆ ಎರಡು ಜಾತಿಯವು ಇವೆ. ಎಲ್‌ಪಿಗಳು ಆಗುತ್ತವೆ. ಭಾರವಾಗಿದ್ದು ಬಿದ್ದರೆ ಒಡೆಯುವಂಥವು, ಕಾಳಿಂಗರಾಯರದು, ಮನ್ಸೂರರದು, ಅವು ಅರಗು ಬೆರೆಸಿ ಮಾಡಿದ, ನಿಮಿಷಕ್ಕೆ 78 ಸುತ್ತಿನವು. ಈ ಫೋಟೊದ ಗುಂಡಿಗಳಲ್ಲಿ ಇರುವುದು 33, 45 ಮಾತ್ರ. 78 ಇದ್ದರೂ ಸೂಜಿ ಬೇರೆ ಬೇಕು, ಆ ಗೀರು ಎಲ್‌ಪಿಯದಕ್ಕಿಂತ ಬಹಳ ಅಗಲ, ಎಲ್‌ಪಿಯ ಸೂಜಿ ತಳದ ಧೂಳಿನಲ್ಲಿ ಹೊರಳಾಡುತ್ತದೆ. ಹಾಗೆಂದು ಹಿತ್ತಾಳೆ ಕಹಳೆಯ ಹೊಸ ‘ಹಳೆಯ’ ಗ್ರಾಮಫೋನ್ ತಂದು ಅದರ ಉಕ್ಕಿನ ಮುಳ್ಳನ್ನು ಎಲ್‌ಪಿಯ ಮೇಲೆ ಇಟ್ಟರೆ ನನಗೆ ಹೇಳಬೇಡ. ಅಕ್ಕ, ನಿನಗೂ ಒಂದು ಮಾತು. ಬೂಸ್ಟು ಹಿಡಿದಿದೆ ಎಂದು 78ರ ಪ್ಲೇಟುಗಳನ್ನು ಸ್ಯಾನಿಟೈಸರ್ ಹಾಕಿ ಒರೆಸಬೇಡ. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ.

ಬೆಲೆಯ ವಿಷಯಕ್ಕೆ ನನ್ನ ಅಭಿಪ್ರಾಯ ಇದು. ಎಣಿಕೆ ನೂರು ಬಂದು, ಕೊನೆಯ ಹಾಡು ಸ್ವಚ್ಛವಾಗಿದ್ದರೆ ಎಂಟು ಸಾವಿರಕ್ಕೆ ಚೌಕಾಸಿ ಮಾಡದೆ ತೆಗೆದುಕೋ. ನೂರು ಬಂದು ಸೂಜಿ ಹೋಗಿದ್ದರೆ ಸೂಜಿಯ ಬೆಲೆಯಷ್ಟು ಇಳಿಸಿ ಕೇಳು. 83 ಬಂದರೆ, ಪುಲ್ಲಿ ಸಿಗುವ ತನಕ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡ.

ಕೊಂಡರೆ ಇಡಿಯಾಗಿ ಬಸ್ಸಿಗೆ ಏರಿಸಬೇಡ. ತಟ್ಟೆಯನ್ನು ಎತ್ತಿ ಬೇರೆ ಸುತ್ತು, ಕೈಯ ಹಿಂಬದಿಯ ತೂಕದ ಗುಂಡನ್ನು ತಿರುಗಿಸಿ ತೆಗೆ, ಸೂಜಿಗೆ ಮುಚ್ಚಳ ಹಾಕಿ ಕೈಯನ್ನು ಅದರ ಗೂಟಕ್ಕೆ ದಾರದಿಂದ ಕಟ್ಟು. ತೀರ್ಥಹಳ್ಳಿ ತನಕ ತೊಡೆಯ ಮೇಲೆ ಇಟ್ಟುಕೊಂಡೇ ಬಾ, ಡಿಕ್ಕಿಗೆ ಹಾಕಲು ಕಂಡಕ್ಟರ್ ಹೇಳಿದರೂ ಒಪ್ಪಬೇಡ.