ಉತ್ತರ ಬಂದಿಲ್ಲ ಅಂತ ಮೇಲಿನವರ ಬಾಗಿಲು ತಟ್ಟಬೇಡ

"ಮಾವಾ, ರೆಫರೆನ್ಸ್ ಲೆಟರ್ ಕೇಳಿ ನಮ್ಮ ಸರ್‌ಗೆ ಮೇಲ್ ಹಾಕಿ ಒಂದು ವಾರ ಆಯ್ತು. ಉತ್ತರಾನೇ ಇಲ್ಲ. ಡಿಸೆಂಬರ್ 15 ಕೊನೆ ದಿನ. ಎಚ್‌ಒಡಿ ಕಡೆಯಿಂದ ಹೇಳಿಸಲಾ? ಭಯ ಆಗ್ತಿದೆ."

ನೋಡವ್ವಾ, ಬರೆಯೋಕೆ ಕೂತರೆ ಬೆರಳು ನೋಯುತ್ತವೆ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಗಿರಣಿ ಮನೆಯವರ ಸಿಟ್ಟು ಎಲ್ಲರಿಗೂ ಗೊತ್ತಲ್ಲ, ನಿನಗೂ ಅದೇ ರಕ್ತ. ಅದಕ್ಕೆ ಮೊದಲೇ ಹೇಳುತ್ತೇನೆ. ಎಚ್‌ಒಡಿ ಹತ್ತಿರ ಹೋಗಬೇಡ.

ನಾನು ಹೋಗಿದ್ದೆ. 1986ರಲ್ಲಿ, ಬಿಎಸ್ಸಿ ಮುಗಿದಾಗ. ಆಗ ಊರಿನ ಹೆಸರು ಬಿಜಾಪುರ. ಹೊರಗಿನ ರಾಜ್ಯದ ಒಂದು ಸಂಸ್ಥೆಗೆ ಅರ್ಜಿ ಹಾಕಿದ್ದೆ. ಇಬ್ಬರು ಮೇಷ್ಟ್ರ ಪತ್ರ ಬೇಕು, ಲಕೋಟೆ ಅಂಟಿಸಿ ಅವರೇ ಕಳಿಸಬೇಕು. ನಮ್ಮ ಕೆಮಿಸ್ಟ್ರಿ ಸರ್‌ಗೆ ಹೇಳಿದೆ. "ಆಗಲಿ" ಅಂದರು. ವಾರ ಆಯಿತು, ಸುದ್ದಿ ಇಲ್ಲ. ಮತ್ತೊಮ್ಮೆ ಹೋಗಿ "ಸರ್, ಆ ಪತ್ರ" ಅನ್ನೋಕೆ ನನಗೆ ಸೊಕ್ಕು. ನೇರ ಪ್ರಿನ್ಸಿಪಾಲರ ಕೋಣೆಗೆ ನುಗ್ಗಿ, ಇವರು ಬೇಕಂತಲೇ ತಡ ಮಾಡುತ್ತಿದ್ದಾರೆ ಅಂದುಬಿಟ್ಟೆ.

ಎರಡನೇ ದಿನವೇ ಪತ್ರ ಹೋಯಿತು! ನಾನು ಗೆದ್ದೆ ಅಂದುಕೊಂಡೆ. ಸೀಟು ಬರಲಿಲ್ಲ. ಎಷ್ಟೋ ದಿನದ ಮೇಲೆ ಆಫೀಸಿನ ಟೈಪಿಸ್ಟ್ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕು ಹೇಳಿದ. "ಸರ್ ನಿಮಗೆ ಒಂದೂವರೆ ಪುಟ ಬರೆದು ನನ್ನ ಟೇಬಲ್ ಮೇಲೆ ಇಟ್ಟಿದ್ದರು. ಪರೀಕ್ಷೆ ಕೆಲಸ ಇತ್ತು, ಟೈಪ್ ಮಾಡೋಕೆ ನನಗೇ ಆಗಲಿಲ್ಲ. ನೀವು ದೂರು ಕೊಟ್ಟ ಮೇಲೆ ಅದನ್ನು ವಾಪಸ್ ತೆಗೆದುಕೊಂಡು ಮೂರು ಸಾಲು ಬರೆಸಿದರು." ಇಂಥ ವರ್ಷ ಓದಿದ, ಹಾಜರಾತಿ ಸರಿ ಇದೆ, ನಡತೆ ಒಳ್ಳೆಯದು. ಅಷ್ಟೇ. ಸುಳ್ಳು ಒಂದೂ ಇಲ್ಲ. ಓದಿದವರಿಗೆ ಮಾತ್ರ ತಿಳಿಯುತ್ತೆ, ಈ ಹುಡುಗನ ಬಗ್ಗೆ ಹೇಳೋಕೆ ಮೇಷ್ಟ್ರಿಗೆ ಏನೂ ಇಲ್ಲ ಅಂತ. ಪತ್ರ ಬರದಿದ್ದರೆ ಬೇರೆಯವರನ್ನು ಕೇಳಬಹುದು. ಇಂಥ ಪತ್ರ ಹೋದರೆ ಏನೂ ಮಾಡೋಕೆ ಆಗಲ್ಲ.

ಅದಕ್ಕೇ ಮತ್ತೆ ಹೇಳುತ್ತೇನೆ, ಅವರನ್ನು ದಾಟಿ ಮೇಲೆ ಹೋಗಬೇಡ. ಬರೆಯಬೇಕಾದ ಕೈ ಅವರದೇ.

ಮತ್ತೆ ಉತ್ತರ ಕೊಡದೇ ಇರೋರು ಮೇಷ್ಟ್ರೊಬ್ಬರೇನಾ? ನಮ್ಮ ಮನೆಯವರ ಇದೇ ವಾಟ್ಸಾಪ್ ಗ್ರೂಪಿನಲ್ಲಿ ಬನಶಂಕರಿ ಜಾತ್ರೆಗೆ ಎಲ್ಲರೂ ಸೇರಿ ಒಂದು ಗಾಡಿ ಮಾಡೋಣ ಅಂತ ಕೇಳಿ ಹನ್ನೆರಡು ದಿನ ಆಯಿತು. ಎಲ್ಲರದೂ ನೀಲಿ ಟಿಕ್ ಬಂದಿದೆ. ನಿನ್ನ ಅಪ್ಪನದು ಎಲ್ಲರಿಗಿಂತ ಮೊದಲು. ಒಬ್ಬರಾದರೂ ಹೂಂ ಅನ್ನಲಿಲ್ಲ. ಅದೇ ಗುಳೇದಗುಡ್ಡದ ಅಳಿಯ ನಾಯಿಮರಿ ಫೋಟೋ ಹಾಕಿದರೆ ಇಪ್ಪತ್ತು ಜನ ಕೈ ಮುಗಿಯುತ್ತಾರೆ. ನಾಯಿಮರಿಗೆ ಯಾಕೆ ಕೈ ಮುಗಿಯಬೇಕೋ ನನಗಂತೂ ತಿಳಿಯದು. ಹೋದ ವರ್ಷವೂ ಹೀಗೇ ಆಗಿ, ಬದಾಮಿವರೆಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋದೆ.

ಇರಲಿ. ಏನು ಹೇಳುತ್ತಿದ್ದೆ? ಹಾಂ, ಮೇಲ್.

ಮೊದಲು ಅರ್ಜಿಯ ಪೋರ್ಟಲ್ ತೆಗೆದು ನೋಡು. ಸರ್ ಹೆಸರು, ಐಡಿ ತುಂಬಿಸಿದ ಮಾತ್ರಕ್ಕೆ ಪತ್ರ ಹಾಕೋ ಲಿಂಕ್ ಅವರಿಗೆ ಹೋಗಿರುತ್ತೆ ಅಂತಿಲ್ಲ, ಕಳಿಸುವ ಬಟನ್ ಬೇರೆ ಒತ್ತಬೇಕಾಗಬಹುದು. ಹೋಗಿದ್ದರೂ ಹೊರದೇಶದ ಗುರುತಿಲ್ಲದ ಐಡಿಯಿಂದ ಬಂದ ಮೇಲ್ ಸ್ಪ್ಯಾಮಿಗೆ ಬೀಳಬಹುದು. ನನ್ನ ಮಗನಿಗೆ ಹಾಗೇ ಆಗಿತ್ತು. ಸರ್ ಲಿಂಕ್ ಬರಲಿ ಅಂತ ಕಾಯುತ್ತಿದ್ದರು, ಇವನು ಸರ್ ಬರೆಯಲಿ ಅಂತ ಕಾಯುತ್ತಿದ್ದ.

ಆಮೇಲೆ ಹೊಸ ಮೇಲ್ ಬರೆಯಬೇಡ. ಹಳೆಯ ಮೇಲ್‌ಗೇ ರಿಪ್ಲೈ ಒತ್ತು, ನೀನು ಮೊದಲು ಕೇಳಿದ್ದು ಕೆಳಗೇ ಇರುತ್ತೆ, ಅವರು ಹುಡುಕಬೇಕಿಲ್ಲ. "ಒಂದು ವಾರ ಆಯಿತು, ಉತ್ತರ ಬಂದಿಲ್ಲ" ಅಂತ ಎಣಿಸಿ ತೋರಿಸಬೇಡ. ಹೀಗೆ ಹಾಕು, ಇಂಗ್ಲಿಷಿನಲ್ಲಿ ನೀನೇ ಮಾಡಿಕೋ:

"ಸರ್, ನಮಸ್ಕಾರ. ಪರೀಕ್ಷೆಯ ಗಡಿಬಿಡಿಯಲ್ಲಿ ನನ್ನ ಮೇಲ್ ಕೆಳಗೆ ಹೋಗಿರಬಹುದು ಅಂತ ಮತ್ತೆ ಬರೆಯುತ್ತಿದ್ದೇನೆ. ಪತ್ರಕ್ಕೆ ಕೊನೆಯ ದಿನ ಡಿಸೆಂಬರ್ 15. ಲಿಂಕ್ ಸ್ಪ್ಯಾಮಿನಲ್ಲಿ ಇರಬಹುದು. ನನ್ನ ರೆಸ್ಯೂಮೆ, ಮಾರ್ಕ್ಸ್ ಕಾರ್ಡ್, ನಿಮ್ಮ ಹತ್ತಿರ ಮಾಡಿದ ಪ್ರಾಜೆಕ್ಟಿನ ಒಂದು ಪುಟ ಜೊತೆಗಿವೆ. ಈ ಸಲ ಬರೆಯೋಕೆ ಅನುಕೂಲ ಇಲ್ಲದಿದ್ದರೆ ದಯವಿಟ್ಟು ತಿಳಿಸಿ, ನಾನು ಬೇರೆ ಏರ್ಪಾಡು ಮಾಡಿಕೊಳ್ಳುತ್ತೇನೆ."

ಆ ಕೊನೆಯ ಸಾಲು ಬಿಡಬೇಡ. ಇಲ್ಲ ಅನ್ನೋಕೆ ದಾರಿ ಸಿಕ್ಕರೆ ಅವರು ಬೇಗ ಹೇಳುತ್ತಾರೆ, ಇಲ್ಲದಿದ್ದರೆ ಸುಮ್ನೆ ಇದ್ದುಬಿಡುತ್ತಾರೆ. ಪ್ರಾಜೆಕ್ಟಿನ ಪುಟವೂ ಮುಖ್ಯ. ಅದು ಕಣ್ಣೆದುರು ಇದ್ದರೆ ನನಗೆ ಬಂದಂಥ ಮೂರು ಸಾಲು ಬರಲ್ಲ.

ಇವತ್ತು ಒಂದನೇ ತಾರೀಕು. ಐದರವರೆಗೆ ಉತ್ತರ ಬರದಿದ್ದರೆ ಬೆಳಗಾವಿಯಲ್ಲೇ ಇದ್ದೀಯಲ್ಲ, ಕ್ಲಾಸ್ ಬಿಟ್ಟ ಹೊತ್ತಿಗೆ ಡಿಪಾರ್ಟ್‌ಮೆಂಟಿಗೆ ಹೋಗು, ಪ್ರಿಂಟ್ ಕೈಯಲ್ಲಿರಲಿ. "ಒಳಗೆ ಬರಲಾ ಸರ್" ಅಂತ ಕೇಳಿ ಎರಡೇ ನಿಮಿಷ ಮಾತಾಡು. ರಾತ್ರಿ ಫೋನ್ ಬೇಡ. ಎಂಟನೇ ತಾರೀಕಿಗೂ ಆಗದಿದ್ದರೆ ಲ್ಯಾಬ್ ಮೇಡಂ ಅವರನ್ನು ಕೇಳು, ಅವರಿಗೂ ಒಂದು ವಾರ ಸಿಗುತ್ತೆ. ಹಾಗೆ ಮಾಡಿದರೆ ಸರ್‌ಗೂ ಒಂದು ಸಾಲು ತಿಳಿಸಿಬಿಡು. ಇಲ್ಲದಿದ್ದರೆ ಅವರು ಆಮೇಲೆ ಬರೆದು ಪೋರ್ಟಲ್ ತೆರೆದುಕೊಳ್ಳದೆ ಪೇಚಾಡುತ್ತಾರೆ.

ಮೇಲ್ ಹಾಕಿದ ಮೇಲೆ ನನಗೆ ತಿಳಿಸು. ಹಾಗೇ ಗಾಡಿ ವಿಷಯ ನಿನ್ನ ಅಪ್ಪನಿಗೆ ಒಂದು ಮಾತು ಕೇಳು, ಹದಿನಾಲ್ಕು ಸೀಟಿನದು ಸಾಕೋ ಹೇಗೆ.