ವಕೀಲರ ನೋಟಿಸ್ ಬಂದಿದೆ, ಆಫೀಸಿನ ಮೇಲ್ ಅಳಿಯದಂತೆ ತಡೆದವರು ಅನುಭವ ಹೇಳಿ

ತಾರಿಹಾಳ, ಅಕೌಂಟ್ಸ್ ವಿಭಾಗ

ನಮ್ಮದು ತಾರಿಹಾಳದಲ್ಲಿ ಸಣ್ಣ ಕಾಸ್ಟಿಂಗ್ ಘಟಕ. ಒಬ್ಬ ಗ್ರಾಹಕರು ಮಾಲು ಅಳತೆಗೆ ಸರಿ ಇಲ್ಲ ಅಂತ ಹಣ ತಡೆದಿದ್ದಾರೆ. ಮೊನ್ನೆ ಅವರ ವಕೀಲರ ನೋಟಿಸ್ ಬಂತು. ನಮ್ಮ ವಕೀಲರು "ಒಂದು ಮೇಲ್ ಕೂಡ ಅಳಿಸಬೇಡಿ" ಎಂದಿದ್ದಾರೆ. ನಾವು 14 ಜನ, ಮೈಕ್ರೋಸಾಫ್ಟ್ 365 ಬಿಸಿನೆಸ್ ಸ್ಟ್ಯಾಂಡರ್ಡ್. ಎರಡು ವರ್ಷ ದಾಟಿದ ಮೇಲ್ ತಾನಾಗಿಯೇ ಅಳಿಯುವ ರೂಲ್ ಇದೆ. ಸೇಲ್ಸ್ ಮೇಲ್‌ಬಾಕ್ಸ್ ಮೂವರು ಸೇರಿ ಬಳಸುವ ಶೇರ್ಡ್ ಮೇಲ್‌ಬಾಕ್ಸ್. ನಮ್ಮಲ್ಲಿ ಐಟಿಗೆ ಅಂತ ಬೇರೆ ಯಾರೂ ಇಲ್ಲ. ಮೊದಲು ಏನು ಮಾಡಬೇಕು?

ಧಾರವಾಡ, ಕಂಪ್ಯೂಟರ್ ಸರ್ವಿಸ್

ಮೇಡಂ, ಇದು ಐದು ನಿಮಿಷದ ಕೆಲಸ. ರಿಟೆನ್ಷನ್ ಹೋಲ್ಡ್ ಆನ್ ಮಾಡಿ. ಎರಡು ವರ್ಷದ ರೂಲ್ ಅಲ್ಲಿಗೇ ನಿಲ್ಲುತ್ತದೆ. ನಿಮ್ಮ ಪ್ಲಾನ್‌ನಲ್ಲೇ ಬರುತ್ತದೆ, ಜಾಸ್ತಿ ಹಣ ಬೇಡ. ಆಮೇಲೆ ಎಲ್ಲರಿಗೂ "ಡಿಲೀಟ್ ಮಾಡಬೇಡಿ" ಅಂತ ಒಂದು ಮೇಲ್ ಹಾಕಿ. ಇಷ್ಟು ಸಾಕು.

ಹುಬ್ಬಳ್ಳಿ ಗೋಕುಲ ರೋಡ್, ಎರಡು ಕಾರ್ಖಾನೆಗಳ ಐಟಿ ನೋಡಿಕೊಳ್ಳುವವನು

ಧಾರವಾಡದ ಸರ್ ಹೇಳಿದ್ದರಲ್ಲಿ ಮೊದಲರ್ಧ ಸರಿ. ಇವತ್ತೇ ಮಾಡಿ. ಆದರೆ "ಇಷ್ಟು ಸಾಕು" ಅನ್ನುವುದನ್ನು ನಾನು ಒಪ್ಪುವುದಿಲ್ಲ.

ರಿಟೆನ್ಷನ್ ಹೋಲ್ಡ್ ನಿಲ್ಲಿಸುವುದು ಆಫೀಸಿನ ರೂಲನ್ನು ಮಾತ್ರ. ಮನುಷ್ಯನ ಕೈಯನ್ನು ಅದು ತಡೆಯುವುದಿಲ್ಲ. ಸೇಲ್ಸ್‌ನವರೊಬ್ಬರು ಗಾಬರಿಯಿಂದ ಒಂದು ಮೇಲ್ ಮೇಲೆ ಶಿಫ್ಟ್ ಒತ್ತಿ ಡಿಲೀಟ್ ಮಾಡಿದರು ಅಂದುಕೊಳ್ಳಿ. ಅದು ಕಣ್ಣಿಗೆ ಕಾಣದ ರಿಕವರಬಲ್ ಐಟಮ್ಸ್ ಎಂಬ ಫೋಲ್ಡರಿಗೆ ಹೋಗುತ್ತದೆ. ಅಲ್ಲಿ ಸಾಮಾನ್ಯವಾಗಿ 14 ದಿನ ಇರುತ್ತದೆ, ಆಮೇಲೆ ನಿಜವಾಗಿಯೂ ಹೋಗಿಬಿಡುತ್ತದೆ. ಲಿಟಿಗೇಷನ್ ಹೋಲ್ಡ್ ಹಾಕಿದರೆ ಆ ಫೋಲ್ಡರಿನಿಂದ ಏನೂ ಹೊರಗೆ ಹೋಗುವುದಿಲ್ಲ. ಬಳಸುವವರಿಗೆ ಮೇಲ್ ಅಳಿದಂತೆಯೇ ಕಾಣುತ್ತದೆ, ಒಳಗೆ ಮಾತ್ರ ಉಳಿದಿರುತ್ತದೆ. ಯಾರಾದರೂ ಹಳೆಯ ಮೇಲ್ ತಿದ್ದಿದರೆ ತಿದ್ದುವ ಮುಂಚಿನ ಪ್ರತಿಯೂ ಉಳಿಯುತ್ತದೆ.

ತೊಂದರೆ ಏನೆಂದರೆ ಬಿಸಿನೆಸ್ ಸ್ಟ್ಯಾಂಡರ್ಡ್‌ನಲ್ಲಿ ಲಿಟಿಗೇಷನ್ ಹೋಲ್ಡ್ ಬರುವುದಿಲ್ಲ. ಬಿಸಿನೆಸ್ ಪ್ರೀಮಿಯಂ ಬೇಕು. ಇಲ್ಲವೇ ಈಗಿನ ಲೈಸನ್ಸ್ ಮೇಲೆ ಎಕ್ಸ್‌ಚೇಂಜ್ ಆನ್‌ಲೈನ್ ಆರ್ಕೈವಿಂಗ್ ಸೇರಿಸಬೇಕು. ಶೇರ್ಡ್ ಮೇಲ್‌ಬಾಕ್ಸಿಗೆ ಲೈಸನ್ಸ್ ಬೇಡ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಹೋಲ್ಡ್ ಹಾಕಬೇಕಾದರೆ ಅದಕ್ಕೂ ಬೇಕು. ಅಲ್ಲಿ ಎಕ್ಸ್‌ಚೇಂಜ್ ಆನ್‌ಲೈನ್ ಪ್ಲಾನ್ 2 ಹಾಕಿದರೆ ಆಯಿತು. 14 ಜನಕ್ಕೂ ಕೊಳ್ಳಬೇಕಾಗಿಲ್ಲ. ಈ ವ್ಯವಹಾರದಲ್ಲಿ ಕೈ ಇದ್ದವರು ಯಾರು ಅಂತ ಪಟ್ಟಿ ಮಾಡಿ. ಐದಾರು ಹೆಸರು ಬರಬಹುದು.

ಲೈಸನ್ಸ್ ಬರಲು ಎರಡು ದಿನ ಹಿಡಿದರೂ ಇವತ್ತೇ ಎಕ್ಸ್‌ಚೇಂಜ್ ಆನ್‌ಲೈನ್ ಪವರ್‌ಶೆಲ್‌ನಲ್ಲಿ ಅಡ್ಮಿನ್ ಆಗಿ ಲಾಗಿನ್ ಆಗಿ ಇದನ್ನು ಓಡಿಸಿ. ರೂಲ್ ನಿಲ್ಲುತ್ತದೆ, 14 ದಿನ ಇದ್ದದ್ದು 30 ದಿನವಾಗುತ್ತದೆ. 30ಕ್ಕಿಂತ ಜಾಸ್ತಿ ಮಾಡಲು ಬರುವುದಿಲ್ಲ.

```
Get-Mailbox -ResultSize Unlimited | Set-Mailbox -RetentionHoldEnabled $true -RetainDeletedItemsFor 30
```

ರೂಲ್ ಕೆಲಸ ಮಾಡುವ ಪ್ರೋಗ್ರಾಮ್ ವಾರಕ್ಕೊಮ್ಮೆ ಒಂದೊಂದು ಮೇಲ್‌ಬಾಕ್ಸ್ ನೋಡಿಕೊಂಡು ಹೋಗುತ್ತದೆ. ನಿಮ್ಮ ಆರ್ಡರ್ ಎರಡು ವರ್ಷದ ಹಿಂದಿನದಾಗಿದ್ದರೆ ಪ್ರತಿ ವಾರ ಒಂದಿಷ್ಟು ಮೇಲ್ ಆಚೆ ಹೋಗುತ್ತಲೇ ಇದೆ ಎಂದರ್ಥ. ಅದಕ್ಕೇ ನಾಳೆಗೆ ಬಿಡಬೇಡಿ ಎನ್ನುತ್ತಿದ್ದೇನೆ.

ಲೈಸನ್ಸ್ ಬಂದ ಮೇಲೆ ಪಟ್ಟಿಯಲ್ಲಿರುವ ಒಬ್ಬೊಬ್ಬರಿಗೂ ಹೀಗೆ:

```
Set-Mailbox sales@example.com -LitigationHoldEnabled $true
Get-Mailbox sales@example.com | FL LitigationHoldEnabled,LitigationHoldDate,LitigationHoldOwner
```

ಎರಡನೇ ಸಾಲು ನೋಡುವುದಕ್ಕೆ. ಹೋಲ್ಡ್ ಹಾಕಿದ ದಿನ, ಹಾಕಿದವರ ಹೆಸರು ಎರಡೂ ತೋರಿಸುತ್ತದೆ. ಅದರ ಪ್ರತಿ ತೆಗೆದು ವಕೀಲರ ಫೈಲಿಗೆ ಕೊಡಿ. ಹೋಲ್ಡ್ ಪೂರ್ತಿ ಜಾರಿಗೆ ಬರಲು 240 ನಿಮಿಷದವರೆಗೆ ಹಿಡಿಯಬಹುದು. ಹೋಲ್ಡ್ ಹಾಕುವ ಮುಂಚೆಯೇ ಪೂರ್ತಿ ಹೋದ ಮೇಲ್ ಇದರಿಂದ ವಾಪಸ್ ಬರುವುದಿಲ್ಲ.

ಬ್ಯಾಡಗಿ, ಮೆಣಸಿನಕಾಯಿ ವ್ಯಾಪಾರ

ನಮಗೂ ಇದೇ ಗೋಳು ರೀ. ಮೇಲ್‌ಬಾಕ್ಸ್ ತುಂಬಿದೆ ಅಂತ ದಿನಾ ಬರುತ್ತದೆ, ಹೊಸ ಮೇಲ್ ಬರುವುದು ನಿಂತುಬಿಟ್ಟಿದೆ. ಸ್ಯಾಂಪಲ್ ಫೋಟೋ, ಲ್ಯಾಬ್ ರಿಪೋರ್ಟ್ ಎಲ್ಲಾ ಅದರಲ್ಲೇ. ಹಳೆಯದನ್ನು ಹೇಗೆ ಖಾಲಿ ಮಾಡುವುದು ಅಂತ ಯಾರಾದರೂ ಹೇಳಿ.

ಗೋಕುಲ ರೋಡ್

ಅಣ್ಣಾವರೇ, ಇಲ್ಲಿ ಕೇಳುತ್ತಿರುವುದು ಅದರ ಉಲ್ಟಾ. ಖಾಲಿ ಆಗದಂತೆ ತಡೆಯುವುದು. ನಿಮಗೆ ಯಾವ ಪಾರ್ಟಿ ಜೊತೆಗಾದರೂ ಮಾಲಿನ ಗುಣಮಟ್ಟದ ತಕರಾರು ನಡೆಯುತ್ತಿದೆಯಾ? ಇದ್ದರೆ ದಯವಿಟ್ಟು ಈಗ ಖಾಲಿ ಮಾಡಬೇಡಿ. ಜಾಗ ಕೊಂಡುಕೊಳ್ಳಿ.

ಬ್ಯಾಡಗಿ

ಒಂದು ಪಾರ್ಟಿ ತೇವ ಜಾಸ್ತಿ ಇದೆ ಅಂತ ಎರಡು ಲೋಡಿನ ಹಣ ಹಿಡಿದಿದ್ದಾರೆ. ಕೇಸು ಅಂತ ಇನ್ನೂ ಆಗಿಲ್ಲ. ನಮ್ಮ ಹುಡುಗನಿಗೆ ಈಗಲೇ ಫೋನ್ ಮಾಡಿ ನಿಲ್ಲಿಸುತ್ತೇನೆ.

ಗದಗ-ಬೆಟಗೇರಿ, ಪ್ರಿಂಟಿಂಗ್ ಪ್ರೆಸ್

ಅಕ್ಕಾವರೇ, ಸರ್ವರಿನಲ್ಲಿ ಏನೇ ಮಾಡಿದರೂ ಆಫೀಸಿನ ಒಂದೊಂದು ಕಂಪ್ಯೂಟರ್ ಮುಂದೆ ಕೂತು ನೋಡಿ. ನಾವು ಸುಟ್ಟುಕೊಂಡದ್ದು ಅಲ್ಲಿ.

ನಮ್ಮದು ಸಾಮಾನ್ಯ ಹೋಸ್ಟಿಂಗ್ ಮೇಲ್. ಔಟ್‌ಲುಕ್‌ನಲ್ಲಿ ಮೇಲನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಪಾಪ್ ಸೆಟ್ಟಿಂಗ್ ಇತ್ತು. ಅದರಲ್ಲಿ "ಸರ್ವರಿನಲ್ಲಿ ಪ್ರತಿ ಇರಲಿ" ಎಂಬುದಕ್ಕೆ ಟಿಕ್ ಇತ್ತು, ನಾವು ನಿಶ್ಚಿಂತೆಯಿಂದ ಇದ್ದೆವು. ಅದರ ಕೆಳಗೇ "14 ದಿನದ ನಂತರ ಸರ್ವರಿನಿಂದ ತೆಗೆ" ಅಂತ ಇನ್ನೊಂದು ಟಿಕ್ ಇತ್ತು. ಅದು ನಾವು ಹಾಕಿದ್ದಲ್ಲ, ಮೊದಲಿಂದಲೇ ಹಾಗೆ ಬರುತ್ತದೆ. ಒಂದು ಕೆಲಸದ ಪ್ರೂಫಿಗೆ ಗ್ರಾಹಕರು ಒಪ್ಪಿಗೆ ಕೊಟ್ಟ ಮೇಲ್ ಬೇಕಾಯಿತು. ಆ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಅಷ್ಟೊತ್ತಿಗೆ ಕೆಟ್ಟಿತ್ತು. ಸರ್ವರಿನಲ್ಲಿ ಹುಡುಕಿದರೆ ಕಡೆಯ ಎರಡು ವಾರದ್ದು ಮಾತ್ರ. 3,000 ಪುಸ್ತಕ ಮತ್ತೆ ಪ್ರಿಂಟ್ ಹಾಕಿ ಕೊಟ್ಟೆವು. ಒಪ್ಪಿಗೆ ಬಂದಿತ್ತು ಅಂತ ನನಗೆ ಇವತ್ತಿಗೂ ಗೊತ್ತು. ತೋರಿಸಲು ಆಗಲಿಲ್ಲ.

ಗೋಕುಲ ರೋಡ್

ಗದಗಿನ ಸರ್ ಹೇಳಿದ್ದು ಮೈಕ್ರೋಸಾಫ್ಟ್ 365 ಇದ್ದವರಿಗೂ ಬೇರೆ ರೀತಿಯಲ್ಲಿ ಅನ್ವಯಿಸುತ್ತದೆ. ಒಬ್ಬರು ಹಳೆಯ ಮೇಲ್‌ಗಳನ್ನು ಪಿಎಸ್‌ಟಿ ಫೈಲಿಗೆ ಎಳೆದು ಹಾಕಿಟ್ಟುಕೊಂಡಿದ್ದರೆ ಆ ಫೈಲನ್ನು ಯಾವ ಹೋಲ್ಡ್ ಕೂಡ ಮುಟ್ಟುವುದಿಲ್ಲ. ಅದು ಆ ಲ್ಯಾಪ್‌ಟಾಪಿನಲ್ಲಿ ಮಾತ್ರ ಇರುತ್ತದೆ.

ನಾನು ನೋಡಿಕೊಳ್ಳುವ ಒಂದು ಕಾರ್ಖಾನೆಯಲ್ಲಿ ಆದದ್ದು ಹೇಳುತ್ತೇನೆ. ಡ್ರಾಯಿಂಗ್ ಬದಲಾಗಿದೆ, ಹೊಸ ಅಳತೆಗೆ ಮಾಡಿ ಅಂತ ಗ್ರಾಹಕರ ಕಡೆಯಿಂದ ಪ್ರೊಡಕ್ಷನ್ ಇಂಜಿನಿಯರಿಗೆ ಮೇಲ್ ಬಂದಿತ್ತು. ಆಮೇಲೆ ಅದೇ ಗ್ರಾಹಕರು "ಅಳತೆ ತಪ್ಪು" ಎಂದರು. ನೋಟಿಸ್ ಬರುವ ಹೊತ್ತಿಗೆ ಇಂಜಿನಿಯರ್ ಕೆಲಸ ಬಿಟ್ಟು 40 ದಿನವಾಗಿತ್ತು. ಬಿಟ್ಟ ದಿನವೇ ನಾನು ಅವರ ಅಕೌಂಟ್ ಅಳಿಸಿದ್ದೆ. ಲೈಸನ್ಸ್ ಹಣ ಉಳಿಯಲಿ ಅಂತ. ಹೀಗೆ ಅಳಿಸಿದ ಮೇಲ್‌ಬಾಕ್ಸ್ 30 ದಿನದೊಳಗೆ ವಾಪಸ್ ತರಬಹುದು. ನಾವು 10 ದಿನ ತಡವಾಗಿದ್ದೆವು. ಬಿಡುವ ಮುಂಚೆ ಹೋಲ್ಡ್ ಇದ್ದಿದ್ದರೆ ಅಕೌಂಟ್ ಅಳಿಸಿದರೂ ಮೇಲ್‌ಬಾಕ್ಸ್ ಒಳಗೆ ಉಳಿದಿರುತ್ತಿತ್ತು.

ಕೊನೆಗೆ ಅವರ ಹಳೆಯ ಲ್ಯಾಪ್‌ಟಾಪ್ ಸ್ಟೋರ್ ರೂಮಿನಲ್ಲಿ ಸಿಕ್ಕಿತು. ಇನ್ನೂ ಫಾರ್ಮ್ಯಾಟ್ ಆಗಿರಲಿಲ್ಲ. ಅದರಲ್ಲಿ ಪಿಎಸ್‌ಟಿ ಇತ್ತು. ನಾನು ಆತುರದಿಂದ ಔಟ್‌ಲುಕ್‌ನಲ್ಲಿ ತೆರೆಯಲು ಹೋದೆ, ವಕೀಲರು ತಡೆದರು. ಸುಮ್ನೆ ತೆರೆದರೂ ಔಟ್‌ಲುಕ್ ಆ ಫೈಲಿನಲ್ಲಿ ಏನಾದರೂ ಬರೆಯುತ್ತದೆ, ಫೈಲ್ ಬದಲಾಗುತ್ತದೆ. ಮೊದಲು ಪ್ರತಿ ತೆಗೆದು, ಎರಡಕ್ಕೂ ಹ್ಯಾಶ್, ಅಂದರೆ ಫೈಲಿನ ಬೆರಳಚ್ಚಿನಂಥ ಸಂಖ್ಯೆ, ಒಂದೇ ಬರುತ್ತದೆಯೇ ನೋಡಿ, ಪ್ರತಿಯನ್ನು ಮಾತ್ರ ತೆರೆದೆವು.

```
Get-FileHash D:\copy\old.pst -Algorithm SHA256
```

2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆಯಲ್ಲ, ಅದರ 63ನೇ ಸೆಕ್ಷನ್ ಪ್ರಕಾರ ಕೋರ್ಟಿಗೆ ಕೊಡುವ ಸರ್ಟಿಫಿಕೇಟಿನ ನಮೂನೆಯಲ್ಲೇ ಹ್ಯಾಶ್ ಬರೆಯುವ ಜಾಗ ಇದೆ. ಮೊದಲ ದಿನವೇ ಬರೆದಿಟ್ಟ ಹ್ಯಾಶ್ ಇದ್ದರೆ ಆಮೇಲೆ "ನೀವೇ ತಿದ್ದಿದ್ದೀರಿ" ಎಂಬ ಮಾತಿಗೆ ಉತ್ತರ ಸಿಗುತ್ತದೆ.

ಮೇಡಂ, ನಿಮ್ಮಲ್ಲಿ ಇತ್ತೀಚೆಗೆ ಕೆಲಸ ಬಿಟ್ಟವರು ಯಾರಾದರೂ ಇದ್ದಾರಾ? ಅದನ್ನು ಮೊದಲು ನೋಡಿ.

ತಾರಿಹಾಳ

ಇದ್ದಾರೆ ಸರ್. ಕ್ವಾಲಿಟಿ ನೋಡುತ್ತಿದ್ದವರು ಬಿಟ್ಟು ಇವತ್ತಿಗೆ 22 ದಿನ. ಅಕೌಂಟ್ ಅಳಿಸಿದ್ದೆವು. ನೀವು ಬರೆದದ್ದು ಓದಿದ ಕೂಡಲೇ ಅಡ್ಮಿನ್ ಪುಟದಲ್ಲಿ ಅಳಿಸಿದವರ ಪಟ್ಟಿ ತೆರೆದೆ. ಹೆಸರು ಇತ್ತು. ವಾಪಸ್ ತಂದೆ, ಮೇಲ್ ಎಲ್ಲಾ ಇದೆ. ಕೈ ನಡುಗುತ್ತಿತ್ತು.

ಇನ್ನೊಂದು ಕೇಳಬೇಕು. ಹೋಲ್ಡ್ ಹಾಕಿದ ಮೇಲೆ ಎಷ್ಟು ಕಾಲ ಇಡಬೇಕು? ನಮಗೆ ಜಿಎಸ್‌ಟಿ ಆಡಿಟ್ ನೋಟಿಸ್ ಕೂಡ ಬಂದಿದೆ. ಎರಡಕ್ಕೂ ಒಂದೇ ಹೋಲ್ಡ್ ಸಾಕಾ?

ಹಾವೇರಿ, ಸಿಎ

ಜಿಎಸ್‌ಟಿ ಬಗ್ಗೆ ನಾನು ಹೇಳಬಲ್ಲೆ. 36ನೇ ಸೆಕ್ಷನ್ ಪ್ರಕಾರ ಲೆಕ್ಕದ ದಾಖಲೆಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕಡೆಯ ದಿನದಿಂದ 72 ತಿಂಗಳು ಇಡಬೇಕು. ಅಪೀಲು, ವಿಚಾರಣೆ ನಡೆಯುತ್ತಿದ್ದರೆ ಅದು ಮುಗಿದು ಒಂದು ವರ್ಷ, ಅಥವಾ ಆ 72 ತಿಂಗಳು, ಯಾವುದು ತಡವೋ ಅದು. ನಿಮ್ಮ ಎರಡು ವರ್ಷದ ರೂಲ್ ಇದಕ್ಕೆ ಹೊಂದುವುದೇ ಇಲ್ಲ. ಇನ್‌ವಾಯ್ಸ್, ಕ್ರೆಡಿಟ್ ನೋಟ್ ಮೇಲ್‌ನಲ್ಲಿ ಮಾತ್ರ ಇದ್ದರೆ ಅಕೌಂಟ್ಸ್ ಮೇಲ್‌ಬಾಕ್ಸಿಗೆ ಆ ರೂಲ್ ಇರಲೇಬಾರದು, ಕೇಸು ಇರಲಿ ಬಿಡಲಿ.

ಹೋಲ್ಡಿಗೆ ದಿನ ಗೊತ್ತುಪಡಿಸಬೇಡಿ. ಹಾಗೇ ಬಿಡಿ. ತೆಗೆಯುವಾಗ ವಕೀಲರು ಮತ್ತು ನಿಮ್ಮ ಸಿಎ ಇಬ್ಬರೂ ಬರೆದು ಕೊಟ್ಟ ಮೇಲೆ ತೆಗೆಯಿರಿ. ಒಂದು ತಕರಾರು ಮುಗಿಯಿತು ಅಂತ ತೆಗೆದರೆ ಇನ್ನೊಂದಕ್ಕೆ ಬೇಕಾದದ್ದು ಹೋಗುತ್ತದೆ.

ಧಾರವಾಡ, ಕಂಪ್ಯೂಟರ್ ಸರ್ವಿಸ್

ಶಿಫ್ಟ್ ಡಿಲೀಟ್ ವಿಷಯ ನನ್ನ ಲೆಕ್ಕಕ್ಕೆ ಬಂದಿರಲಿಲ್ಲ, ಒಪ್ಪಿದೆ. ಆದರೆ ಸೇಲ್ಸ್‌ನವರಿಗೆ ಹೋಲ್ಡ್ ಹಾಕಿದ್ದು ಹೇಳಬೇಕು ಅಂತಲೇ ನನ್ನ ಅಭಿಪ್ರಾಯ. ಅವರ ಫೋನಿನ ವಾಟ್ಸಾಪ್‌ನಲ್ಲಿ ಇರುವುದಕ್ಕೆ ಯಾವ ಹೋಲ್ಡ್ ಹಾಕುತ್ತೀರಿ? ಅವರಿಗೆ ಹೇಳದೆ ಅದು ಉಳಿಯುವುದಿಲ್ಲ.

ಗೋಕುಲ ರೋಡ್

ಹೇಳಬೇಕು, ಆದರೆ ಮೇಲ್‌ಬಾಕ್ಸಿಗೆ ಹೋಲ್ಡ್ ಬಿದ್ದ ಮೇಲೆ ಹೇಳಿ. ಮೊದಲೇ ಹೇಳಿದರೆ ನಡುವಿನ ಆ ಎರಡು ದಿನವೇ ಅಪಾಯ. ಇದರಲ್ಲಿ ನನ್ನ ವಕೀಲರದ್ದೇ ಬೇರೆ ಮಾತು. ಅದೇ ದಿನ ಲಿಖಿತವಾಗಿ ಹೇಳಿ, ಸಹಿ ತೆಗೆದುಕೊಳ್ಳಿ ಎನ್ನುತ್ತಾರೆ ಅವರು.

ತಾರಿಹಾಳ

ಐದು ಜನಕ್ಕೆ ಮತ್ತು ಸೇಲ್ಸ್ ಮೇಲ್‌ಬಾಕ್ಸಿಗೆ ಇವತ್ತು ಮಧ್ಯಾಹ್ನ ಹೋಲ್ಡ್ ಹಾಕಿ ಆಯಿತು. ಆರರಲ್ಲೂ True ಅಂತ ತೋರಿಸುತ್ತಿದೆ. ಪರೀಕ್ಷೆಗೆ ಒಂದು ಮೇಲ್ ಕಳಿಸಿಕೊಂಡು ಸಂಜೆ ಶಿಫ್ಟ್ ಡಿಲೀಟ್ ಮಾಡಿದ್ದೇನೆ. 30 ದಿನ ಕಳೆದ ಮೇಲೂ ಹುಡುಕಿದರೆ ಸಿಗಬೇಕು, ಅಲ್ವಾ? ಗೋಡೆಯ ಕ್ಯಾಲೆಂಡರಿನಲ್ಲಿ 35ನೇ ದಿನಕ್ಕೆ ಗುರುತು ಹಾಕಿದ್ದೇನೆ.

ಸಿಬ್ಬಂದಿಗೆ ಹೇಳುವ ವಿಷಯದಲ್ಲಿ ನಮ್ಮ ಮಾಲೀಕರು ಇನ್ನೂ ಒಪ್ಪಿಲ್ಲ. ನಾಳೆ ವಕೀಲರ ಹತ್ತಿರ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗುತ್ತೇನೆ.