ಸಹಾಯ ಬೇಕು: ಮೂರನೇ ಪಿರಿಯಡ್‌ಗೇ ದನಿ ಒಡೆಯುತ್ತಿದೆ

ಎಲ್ಲರಿಗೂ ನಮಸ್ಕಾರ. ನಾನು ಸಿಂಧನೂರು ಕಡೆ ಒಂದು ಶಾಲೆಯಲ್ಲಿ ಟೀಚರ್. ಒಂದೇ ಕೋಣೆಯಲ್ಲಿ 55 ಮಕ್ಕಳು, ಮೇಲೆ ಗಡಗಡ ಫ್ಯಾನು. ನಮ್ಮ ಬಿಸಿಲಲ್ಲಿ ಅದನ್ನು ಆರಿಸೋಕೆ ಆಗುತ್ತಾ ಹೇಳಿ! ಬೆಳಿಗ್ಗೆ ದನಿ ಸರಿಯಿರುತ್ತದೆ, ಸಂಜೆಗೆ ಗಂಟಲು ಉರಿಯುತ್ತದೆ.

ಒಂದು ತಿಂಗಳಾದರೂ ಕಡಿಮೆಯಾಗಲಿಲ್ಲ. ಇಎನ್‌ಟಿ ಡಾಕ್ಟರ್ ಕ್ಯಾಮೆರಾ ಹಾಕಿ ನೋಡಿದರು. ಜೋರಾಗಿ ಮಾತಾಡಿ ಮಾತಾಡಿ ಧ್ವನಿ ತಂತುಗಳು ಒಂದಕ್ಕೊಂದು ಬಡಿದು ಸಣ್ಣ ಗಂಟುಗಳಾಗಿವೆಯಂತೆ. ಆಪರೇಷನ್ ಈಗ ಬೇಡ, ಮಾತಾಡುವ ರೀತಿ ಬದಲಿಸಿ ಎಂದರು.

ನಾನು ದನಿಗೆ ರೆಸ್ಟ್ ಅಂತ ಮನೆಯಲ್ಲಿ ಪಿಸುಗುಟ್ಟುತ್ತಿದ್ದೆ. ಅದರಿಂದಲೂ ಗಂಟಲು ಬಿಗಿಯುತ್ತದಂತೆ! ಸುಮ್ನೆ ಇರಬೇಕು, ಇಲ್ಲವೇ ಮೆಲ್ಲಗೆ ಸಹಜವಾಗಿ ಮಾತಾಡಬೇಕು. ಪದೇ ಪದೇ ಕ್ಯಾಕರಿಸಿ ಗಂಟಲು ಸರಿಮಾಡಿಕೊಳ್ಳುವ ಬದಲು ಒಂದು ಗುಟುಕು ನೀರು ಕುಡಿಯಬೇಕು. ಈಗ ದಿನಾ ಸ್ಟ್ರಾವನ್ನು ಲೋಟದ ನೀರಲ್ಲಿ ಎರಡು ಬೆರಳಷ್ಟು ಮುಳುಗಿಸಿ, ‘ಊ’ ಎನ್ನುತ್ತಾ ಗುಳ್ಳೆ ಬಿಡುತ್ತೇನೆ. ಮಾಡಿದ ಮೇಲೆ ದನಿ ಹಗುರ ಅನ್ನಿಸುತ್ತದೆ. ಆದರೆ ಕ್ಲಾಸಿಗೆ ಹೋದರೆ ಮತ್ತೆ ಅದೇ ಕೂಗಾಟ.

ಸೊಂಟಕ್ಕೆ ಕಟ್ಟುವ ಸ್ಪೀಕರ್ ಮತ್ತು ಹೆಡ್ ಮೈಕ್ ಯಾರಾದರೂ ಬಳಸಿದ್ದೀರಾ? ಗೆಳತಿಯದು ತಂದು ನೋಡಿದೆ, ಬೋರ್ಡಿನ ಕಡೆ ತಿರುಗಿದರೆ ಕುಂಯ್ ಅನ್ನುತ್ತದೆ. ಸ್ಪೀಕರನ್ನು ಮೇಜಿನ ಮೇಲೆ ಇಟ್ಟರೆ ನಡೆಯುತ್ತಾ? ರಾಯಚೂರು ಅಥವಾ ಬಳ್ಳಾರಿಯಲ್ಲಿ ದೊಡ್ಡವರಿಗೂ ಸ್ಪೀಚ್ ಥೆರಪಿ ಕೊಡುವವರು ಗೊತ್ತಿದ್ದರೆ ತಿಳಿಸಿ. ಶನಿವಾರ ಮಧ್ಯಾಹ್ನ ಸಿಕ್ಕರೆ ಜಾಸ್ತಿ ಅನುಕೂಲ.